‘ಸುಧಂಗೆ ಫೋನ್ ಹಾಕು’ ಅಂದರೆ ಫೋನಿಗೆ ತಿಳಿಯಬೇಕು

ಪ್ರಶ್ನೆ: ನಮ್ಮ ಅಮ್ಮನಿಗೆ 71 ವರ್ಷ. ರಾಜಾಜಿನಗರದಲ್ಲಿ ಒಬ್ಬರೇ ಇದ್ದಾರೆ, ಊರು ಮದ್ದೂರಿನ ಕಡೆ. ಒಂಬತ್ತು ಸಾವಿರದ ಆಂಡ್ರಾಯ್ಡ್ ಫೋನ್ ಕೊಡಿಸಿದ್ದೇನೆ. ಕಣ್ಣು ಸ್ವಲ್ಪ ಮಂಜು, ಇಂಗ್ಲಿಷ್ ಬರಲ್ಲ. ಕನ್ನಡದಲ್ಲಿ ಹೇಳಿ ಫೋನ್ ಮಾಡೋದು, ಮಾತ್ರೆ ಹೊತ್ತು ನೆನಪಿಸೋದು, ಹಾಡು ಕೇಳೋದು, ಇಷ್ಟಾದರೆ ಸಾಕು. ಕನ್ನಡ ಸೆಟ್ ಮಾಡಿಕೊಟ್ಟೆ, ಆದರೆ ಹತ್ತು ಸಲದಲ್ಲಿ ನಾಲ್ಕು ಸಲ ಮಾತ್ರ ಸರಿ ಹೋಗುತ್ತೆ. ಇನ್ನೂ ಒಳ್ಳೇ ಫೋನ್ ತಗೋಬೇಕಾ?

ಉತ್ತರ:

ಹೊಸ ಫೋನಿಗೆ ದುಡ್ಡು ಹಾಕಬೇಡಿ. ಕನ್ನಡದ ಮಾತನ್ನು ಅಕ್ಷರ ಮಾಡುವ ಭಾರದ ಕೆಲಸ ಹೆಚ್ಚಾಗಿ ಫೋನಿನೊಳಗೆ ನಡೆಯುವುದಿಲ್ಲ. ದನಿ ಇಂಟರ್ನೆಟ್ ಮೂಲಕ ದೂರದ ಸರ್ವರಿಗೆ ಹೋಗುತ್ತದೆ, ಅಲ್ಲಿ ಅಕ್ಷರವಾಗಿ ವಾಪಸ್ ಬರುತ್ತದೆ. ನಲವತ್ತು ಸಾವಿರದ ಫೋನು ಕಳಿಸುವುದೂ ಅಲ್ಲಿಗೇ. ಬೆಲೆಯಿಂದ ಆಗುವ ವ್ಯತ್ಯಾಸ ಎರಡೇ: ಮೈಕು ಎಷ್ಟು ಚೆನ್ನಾಗಿದೆ, ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು. ನಿಮ್ಮ ಆರು ತಪ್ಪುಗಳಲ್ಲಿ ಮುಕ್ಕಾಲು ಪಾಲು ಬೇರೆ ಕಡೆಯಿಂದ ಬರುತ್ತಿರಬೇಕು. ನನ್ನ ಅನುಮಾನ ಅಮ್ಮನ ಕಾಂಟ್ಯಾಕ್ಟ್ ಪಟ್ಟಿಯ ಮೇಲೆ.

ಮೊದಲು ಒಂದು ಪರೀಕ್ಷೆ ಮಾಡಿ. ಭಾನುವಾರ ಅಮ್ಮನ ಪಕ್ಕ ಕೂತು, ಅವರು ದಿನಾ ಹೇಳುವ ಹಾಗೇ ಹತ್ತು ಮಾತು ಹೇಳಿಸಿ. ನೀವು ಬಾಯಿ ಹಾಕಬೇಡಿ. ಪ್ರತಿ ಸಲವೂ ಪರದೆಯ ಮೇಲೆ ಏನು ಅಕ್ಷರ ಮೂಡಿತು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಈ ಅಕ್ಷರಗಳನ್ನು ಯಾರೂ ನೋಡುವುದಿಲ್ಲ, ಕಾಯಿಲೆ ಗೊತ್ತಾಗುವುದು ಮಾತ್ರ ಅಲ್ಲೇ. ಅಮ್ಮ ಹೇಳಿದ್ದು ಒಂದು, ಮೂಡಿದ್ದು ಇನ್ನೊಂದು ಆದರೆ ಕೇಳಿಸಿಕೊಳ್ಳುವುದರಲ್ಲಿ ತಪ್ಪಾಗಿದೆ: ಮೈಕು, ಗದ್ದಲ, ಭಾಷೆಯ ಸೆಟ್ಟಿಂಗು, ಇವನ್ನು ನೋಡಬೇಕು. ಹೇಳಿದ್ದೇ ಸರಿಯಾಗಿ ಮೂಡಿ, ಆಮೇಲೆ ಬೇರೆಯವರಿಗೆ ಫೋನ್ ಹೋದರೆ ಅಥವಾ ‘ಅಂಥ ಹೆಸರು ಸಿಗಲಿಲ್ಲ’ ಅಂದರೆ ಕೇಳಿಸಿಕೊಂಡಿದ್ದು ಸರಿಯಾಗಿಯೇ ಇದೆ, ಹೆಸರು ಹುಡುಕುವುದರಲ್ಲಿ ಸೋತಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಜನ ಸಾಮಾನ್ಯವಾಗಿ ಎರಡನೇ ಕಾಯಿಲೆಗೆ ಮೊದಲನೆಯದರ ಮದ್ದು ಕೊಡುತ್ತಾರೆ. ‘ಅಮ್ಮಾ, ಇನ್ನೂ ಗಟ್ಟಿಯಾಗಿ ಹೇಳು’ ಅಂತ ಕೂಗುತ್ತಾರೆ. ಪಾಪ, ಗಟ್ಟಿಯಾಗಿ ಹೇಳಿದರೆ ಪಟ್ಟಿಯಲ್ಲಿ ಇಲ್ಲದ ಹೆಸರು ಬಂದುಬಿಡುತ್ತದಾ?

ಭಾಷೆಯ ಮಾತು ಬೇಗ ಮುಗಿಸುತ್ತೇನೆ. ದನಿಯಿಂದ ಹುಡುಕುವುದಕ್ಕೆ ಮತ್ತು ಟೈಪ್ ಮಾಡುವುದಕ್ಕೆ ಗೂಗಲ್ ಕನ್ನಡವನ್ನು ಸೇರಿಸಿದ್ದು 2017ರಲ್ಲಿ. ಮಾತು ಕೇಳಿ ಕೆಲಸ ಮಾಡಿಕೊಡುವ ಗೂಗಲ್ ಅಸಿಸ್ಟೆಂಟಿಗೆ ಕನ್ನಡ ಬಂದಿದ್ದು 2019ರಲ್ಲಿ. ಅದರ ಜಾಗಕ್ಕೆ ಈಗ ಬರುತ್ತಿರುವ ಜೆಮಿನಿ ಆಪ್ 2024ರಲ್ಲಿ ಕನ್ನಡದೊಂದಿಗೇ ಭಾರತಕ್ಕೆ ಬಂತು. ನಿಮ್ಮ ಫೋನಿನಲ್ಲಿ ಯಾವುದು ಇದೆ ಅಂತ ತಿಳಿಯಲು ಹೋಮ್ ಬಟನ್ ಅಥವಾ ಪವರ್ ಬಟನ್ ಒತ್ತಿ ಹಿಡಿಯಿರಿ, ಮೇಲೆ ಬಂದಿದ್ದೇ ಅದು. ಕೆಲವು ಫೋನುಗಳಲ್ಲಿ ಜೆಮಿನಿ ಆಪಿನ ಸೆಟ್ಟಿಂಗಿನಲ್ಲಿ Digital assistants from Google ಅನ್ನುವ ಕಡೆ ಎರಡರಲ್ಲಿ ಒಂದನ್ನು ಆರಿಸಬಹುದು. ಆಯ್ಕೆ ಸಿಕ್ಕರೆ ಎರಡರಲ್ಲೂ ಆ ಹತ್ತು ಮಾತು ಹೇಳಿಸಿ ನೋಡಿ, ಹೆಚ್ಚು ಸಲ ಗೆದ್ದಿದ್ದನ್ನು ಇಟ್ಟುಕೊಳ್ಳಿ. ಅಂಗಡಿಯವನ ಮಾತಿಗಿಂತ ನಿಮ್ಮ ಹಾಳೆ ಮೇಲು.

ಅಸಿಸ್ಟೆಂಟ್ ಆದರೆ ಗೂಗಲ್ ಆಪ್ ತೆರೆದು, ಮೂಲೆಯ ಫೋಟೊ ಒತ್ತಿ, Settings > Google Assistant > Languages ಒಳಗೆ ಕನ್ನಡವನ್ನು ಮೊದಲನೆಯದಾಗಿ ಇಡಿ. ಅದಕ್ಕಿಂತ ಸುಲಭದ ದಾರಿ, ಫೋನಿನ ಭಾಷೆಯನ್ನೇ ಕನ್ನಡ ಮಾಡಿಬಿಡುವುದು. ಆಗ ಅಲಾರಂ, ಬ್ಯಾಟರಿ, ಮಿಸ್ಡ್ ಕಾಲ್, ಎಲ್ಲದರ ಮೇಲೂ ಕನ್ನಡ ಅಕ್ಷರವೇ ಬರುತ್ತದೆ. ನಿಮಗೆ ಮೊದಲ ವಾರ ಸೆಟ್ಟಿಂಗು ಹುಡುಕುವುದು ಕಷ್ಟ ಅನ್ನಿಸುತ್ತದೆ. ಇರಲಿ, ಫೋನು ನಿಮ್ಮದಲ್ಲವಲ್ಲ.

ಈಗ ಅಸಲು ವಿಷಯಕ್ಕೆ ಬರೋಣ. ನಮ್ಮ ಚಿಕ್ಕಮ್ಮ ಹನುಮಂತನಗರದಲ್ಲಿದ್ದಾರೆ. ಅವರ ಊರೂ ಮಂಡ್ಯದ ಕಡೆಯೇ. ಅವರ ಫೋನು ನನ್ನ ಕೈಗೆ ಬಂದಾಗ ಪಟ್ಟಿಯಲ್ಲಿ ಇನ್ನೂರು ಚಿಲ್ಲರೆ ನಂಬರು ಇದ್ದವು. ಮನೆಯ ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ಹಾಕಿಕೊಟ್ಟಿದ್ದವು, ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. Manju Gas, Manju Electrition, Manjula Chikamma Msr, Manju Son New. ಮಗನ ಹೆಸರು ಮಂಜುನಾಥ. ಚಿಕ್ಕಮ್ಮ ‘ಮಂಜುಗೆ ಫೋನ್ ಹಾಕು’ ಅಂದರೆ ಪರದೆಯ ಮೇಲೆ ಅಕ್ಷರ ಸರಿಯಾಗಿಯೇ ಮೂಡುತ್ತಿತ್ತು. ಆಮೇಲೆ ‘ಯಾವ ಮಂಜು?’ ಅಂತ ನಾಲ್ಕು ಹೆಸರಿನ ಪಟ್ಟಿ ಬರುತ್ತಿತ್ತು. ಅವರಿಗೆ ಅದು ಕಾಣುವುದಿಲ್ಲ. ಕಿವಿಗೆ ಇಟ್ಟುಕೊಂಡು ರಿಂಗ್ ಕೇಳಲಿ ಅಂತ ಕಾಯುತ್ತಾರೆ, ಕೇಳುವುದಿಲ್ಲ, ‘ಇದು ಕೆಟ್ಟೋಗಿದೆ’ ಅಂತ ಮೇಜಿನ ಮೇಲೆ ಇಟ್ಟುಬಿಡುತ್ತಾರೆ.

ಎರಡನೆಯ ತೊಡಕು ನಮ್ಮ ಭಾಷೆಯದೇ. ಇಂಗ್ಲಿಷಿನಲ್ಲಿ ಹೆಸರು ಹೆಸರಾಗಿಯೇ ಉಳಿಯುತ್ತದೆ. ಕನ್ನಡದಲ್ಲಿ ಅದಕ್ಕೆ ‘ಗೆ’ ಅಂಟಿಕೊಳ್ಳುತ್ತದೆ, ಅಂಟುವಾಗ ಹೆಸರಿನ ಬಾಲವನ್ನೂ ಬದಲಿಸುತ್ತದೆ. ರಮೇಶ ಅನ್ನುವವನಿಗೆ ಪುಸ್ತಕದಲ್ಲಿ ‘ರಮೇಶನಿಗೆ’, ಆಫೀಸಿನಲ್ಲಿ ‘ರಮೇಶ್‌ಗೆ’, ನಮ್ಮ ಚಿಕ್ಕಮ್ಮನ ಬಾಯಲ್ಲಿ ‘ರಮೇಶಂಗೆ’. ಸುಧಾ ಆದರೆ ಸುಧಾಗೆ, ಸುಧಾಳಿಗೆ, ಸುಧಂಗೆ. ಶಾಂತಮ್ಮ ಆದರೆ ಶಾಂತಮ್ಮನಿಗೆ, ಶಾಂತಮ್ಮಂಗೆ, ಮರ್ಯಾದೆ ಕೊಟ್ಟರೆ ಶಾಂತಮ್ಮನೋರಿಗೆ. ಯಂತ್ರ ಮೊದಲು ಈ ಬಾಲ ಕತ್ತರಿಸಬೇಕು. ಆಮೇಲೆ ಉಳಿದ ಕನ್ನಡ ಹೆಸರನ್ನು Sudha Akka Vjngr ಅನ್ನುವ ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಬೇಕು. ‘ರಮೇಶನಿಗೆ’ ಅನ್ನುವ ಬರಹದ ರೂಪ ಅದಕ್ಕೆ ಸುಲಭ. ‘ರಮೇಶಂಗೆ’ ಅಂದರೆ ಕೆಲವೊಮ್ಮೆ ‘ರಮೇಶಂ’ ಅನ್ನುವ ಹೆಸರನ್ನು ಹುಡುಕಲು ಹೊರಡಬಹುದು. ಬಾಲ ಕತ್ತರಿಸುವಾಗಲೂ, ಲಿಪಿ ಹೊಂದಿಸುವಾಗಲೂ ತಪ್ಪಾಗಬಹುದು. ಎರಡೂ ಒಟ್ಟಿಗೆ ಬಂದಾಗ ಕಷ್ಟ ಜಾಸ್ತಿ.

ಎಪ್ಪತ್ತು ವರ್ಷದವರ ಮಾತನ್ನು ತಿದ್ದಲು ಹೋಗಬೇಡಿ, ಪಟ್ಟಿಯನ್ನು ತಿದ್ದಿ. ಚಿಕ್ಕಮ್ಮನ ಫೋನಿನಲ್ಲಿ ನಾನು ಮಾಡಿದ್ದು ಇದು. ವಾರದಲ್ಲಿ ನಿಜವಾಗಿ ಯಾರಿಗೆ ಫೋನ್ ಮಾಡುತ್ತಾರೆ ಅಂತ ಕಾಲ್ ಲಾಗ್ ನೋಡಿದೆ. ಇನ್ನೂರರಲ್ಲಿ ಏಳೇ ಜನ. ಆ ಏಳೂ ಹೆಸರನ್ನು ಕನ್ನಡ ಅಕ್ಷರದಲ್ಲಿ, ಚಿಕ್ಕಮ್ಮ ಮನೆಯಲ್ಲಿ ಕೂಗುವ ಹಾಗೇ ಮತ್ತೆ ಬರೆದೆ. ಮಗ ಮಂಜುನಾಥನನ್ನು ಅವರು ಕೂಗುವುದು ‘ಪುಟ್ಟಿ’ ಅಂತ. ಐವತ್ತು ವರ್ಷದ ಮನುಷ್ಯ, ಇರಲಿ! ಆದರೆ ಈ ಹೆಸರು ತುಂಬಾ ಕೆಲಸಕ್ಕೆ ಬಂತು. ‘ಇ’ ಅಥವಾ ‘ಎ’ಯಲ್ಲಿ ಮುಗಿಯುವ ಹೆಸರಿಗೆ ‘ಗೆ’ ಸೇರಿದಾಗ ಏನೂ ಕೆಡುವುದಿಲ್ಲ. ಪುಟ್ಟಿಗೆ, ರವಿಗೆ, ಗೌರಿಗೆ, ವಾಣಿಗೆ: ಮಂಡ್ಯದಲ್ಲೂ ಬೆಂಗಳೂರಿನಲ್ಲೂ ಪುಸ್ತಕದಲ್ಲೂ ಒಂದೇ ರೂಪ. ‘ಅ’ದಲ್ಲಿ ಮುಗಿಯುವ ಹೆಸರುಗಳೇ ನಿಗೆ, ಂಗೆ ಅಂತ ಹೊರಳುವುದು. ಮನೆಯಲ್ಲಿ ಎರಡು ಅಡ್ಡಹೆಸರು ಇದ್ದರೆ ‘ಇ’ಯಲ್ಲಿ ಮುಗಿಯುವುದನ್ನೇ ಆರಿಸಿ.

ಒಬ್ಬೊಬ್ಬರ ಹೆಸರೂ ಬೇರೆಯವರ ಹೆಸರಿನ ಹಾಗೆ ಕೇಳಿಸಬಾರದು. ದೊಡ್ಡಮ್ಮ, ದೊಡ್ಡಪ್ಪ ಅಂತ ಎರಡು ಇಟ್ಟರೆ ಗದ್ದಲದಲ್ಲಿ ಒಂದರ ಬದಲು ಇನ್ನೊಂದು ಹೋಗುತ್ತದೆ. ಇಬ್ಬರೂ ಒಂದೇ ಮನೆಯಲ್ಲಿ ಇದ್ದರೆ ಒಂದನ್ನು ತೆಗೆದುಬಿಡಿ. ಗ್ಯಾಸಿನ ಮಂಜು ‘ಸಿಲಿಂಡರ್’ ಆದ, ಕರೆಂಟಿನ ಮಂಜು ‘ಕರೆಂಟ್ ಅಂಗಡಿ’ ಆದ. ‘ಹ’ ಇರುವ ಹೆಸರುಗಳನ್ನೂ ಕಿವಿ ಕೊಟ್ಟು ಕೇಳಿ. ಹೇಮ ಅನ್ನುವುದನ್ನು ‘ಏಮ’ ಅನ್ನುವ ಹಿರಿಯರು ಎಷ್ಟೋ ಜನ ಇದ್ದಾರೆ. ಅವರು ‘ಏಮ’ ಅಂದರೆ ಪಟ್ಟಿಯಲ್ಲೂ ‘ಏಮ’ ಅಂತಲೇ ಬರೆಯಿರಿ. ಕಾಗುಣಿತ ನೋಡಿ ನಗುವವರು ನಗಲಿ. ಕನ್ನಡ ಅಕ್ಷರದಲ್ಲಿ ಬರೆದೂ ಒಂದು ಹೆಸರು ಸಿಗದಿದ್ದರೆ ಅದೊಂದನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆದು ಐದು ಸಲ ನೋಡಿ. ಯಾವುದಕ್ಕೆ ಐದರಲ್ಲಿ ನಾಲ್ಕು ಬಂತೋ ಅದು ಇರಲಿ.

ಉಳಿದ ಇನ್ನೂರನ್ನು ಏನು ಮಾಡುವುದು? ಅಳಿಸಬೇಡಿ. ಆದರೆ ಈ ಏಳು ಹೆಸರಿಗೆ ಅಡ್ಡ ಬರುವವನ್ನು ಮಾತ್ರ ಹುಡುಕಿ ಬದಲಿಸಿ. ಹತ್ತಿಪ್ಪತ್ತು ಇರಬಹುದು, ಅರ್ಧ ಗಂಟೆಯ ಕೆಲಸ. ಹಾಗೇ ನಂಬರುಗಳು ಎಲ್ಲಿವೆ ಅಂತಲೂ ನೋಡಿ. ಹಳೇ ಫೋನಿನಿಂದ ಬಂದವು ಸಿಮ್ಮಿನಲ್ಲೇ ಕೂತಿರುತ್ತವೆ. ಅಮ್ಮನ ಗೂಗಲ್ ಖಾತೆಯಲ್ಲಿ ಇಲ್ಲದ ನಂಬರು ಅಸಿಸ್ಟೆಂಟಿಗೆ ಸಿಗದೇ ಹೋಗಬಹುದು. ಕಾಂಟ್ಯಾಕ್ಟ್ಸ್ ಆಪಿನಲ್ಲಿ ಸಿಮ್ಮಿನಿಂದ ತರುವ ಆಯ್ಕೆ ಇದೆ. ಎಲ್ಲವನ್ನೂ ಅಮ್ಮನ ಖಾತೆಗೆ ತಂದುಬಿಡಿ. ಖಾತೆ ನಿಮ್ಮದಲ್ಲ, ಅಮ್ಮನದೇ ಆಗಿರಲಿ. ಮಕ್ಕಳ ಖಾತೆ ಹಾಕಿಕೊಟ್ಟ ಫೋನಿನಲ್ಲಿ ಮಗನ ಆಫೀಸಿನ ನೂರಾರು ಹೆಸರು ಬಂದು ಸೇರಿಕೊಂಡಿರುವುದನ್ನು ನೋಡಿದ್ದೇನೆ.

ಇಷ್ಟೆಲ್ಲಾ ಸರಿ ಇದ್ದೂ ಕಡೇ ಹೆಜ್ಜೆಯಲ್ಲಿ ನಿಲ್ಲುವುದು ಎರಡು ಸಿಮ್ಮಿನ ಫೋನುಗಳಲ್ಲಿ. ‘ಯಾವ ಸಿಮ್?’ ಅಂತ ಒಂದು ಚೌಕ ಬರುತ್ತದೆ, ಅಮ್ಮ ಮತ್ತೆ ಕಿವಿಗೆ ಇಟ್ಟುಕೊಂಡು ಕಾಯುತ್ತಾರೆ. ಸಿಮ್ಮಿನ ಸೆಟ್ಟಿಂಗಿಗೆ ಹೋಗಿ, ಕರೆಗಳಿಗೆ ಪ್ರತಿ ಸಲ ಕೇಳು ಅಂತ ಇರುವುದನ್ನು ತೆಗೆದು ಒಂದು ಸಿಮ್ ಗೊತ್ತು ಮಾಡಿ. ಲಾಕ್ ಇನ್ನೊಂದು ಅಡ್ಡಿ. ಜೆಮಿನಿಯಲ್ಲಿ ಲಾಕ್ ತೆಗೆಯದೇ ಕರೆ ಮಾಡಲು, ಮೆಸೇಜ್ ಕಳಿಸಲು ಬಿಡುವ ಆಯ್ಕೆ ಇದೆ, ಅಸಿಸ್ಟೆಂಟಿನಲ್ಲೂ ಲಾಕ್ ಪರದೆಯ ಮೇಲೆ ಉತ್ತರ ಕೊಡುವ ಆಯ್ಕೆ ಇದೆ. ಅದನ್ನು ಆನ್ ಮಾಡಿ. ಬೇರೆ ಯಾರಾದರೂ ಫೋನು ಎತ್ತಿಕೊಂಡರೂ ಇದರಿಂದ ಕರೆ ಮಾಡಬಹುದು. ಅಮ್ಮ ಮನೆಯಲ್ಲೇ ಇರುವವರಾದರೆ ಅದು ಒಪ್ಪಬಹುದಾದ ಅಪಾಯ ಅಂತ ನನ್ನ ಅಭಿಪ್ರಾಯ.

ಕೇಳಿಸಿಕೊಳ್ಳುವ ತಪ್ಪಿಗೆ ಬರುತ್ತೇನೆ. ‘ಹೇ ಗೂಗಲ್’ ಅಂತ ಕೂಗಿ ಎಬ್ಬಿಸುವ ಆಸೆ ಬಿಟ್ಟುಬಿಡಿ. ಅದಕ್ಕೆ ಮೈಕು ಯಾವಾಗಲೂ ಎಚ್ಚರ ಇರಬೇಕು, ಅಗ್ಗದ ಫೋನುಗಳು ಬ್ಯಾಟರಿ ಉಳಿಸಲು ಇಂಥ ಕೆಲಸವನ್ನೇ ಮೊದಲು ಮಲಗಿಸುತ್ತವೆ. ಪಕ್ಕದ ಕೋಣೆಯ ಟಿವಿಯಲ್ಲಿ ಧಾರಾವಾಹಿ ಜೋರಾಗಿದ್ದರೆ ಕತೆ ಮುಗಿಯಿತು. ಒತ್ತಿ ಮಾತಾಡುವುದೇ ಗಟ್ಟಿ. ಹೋಮ್ ಪರದೆಯಲ್ಲಿ ಬೇರೆ ಎಲ್ಲಾ ತೆಗೆದು, ಮೈಕಿನ ಗುರುತು ಇರುವ ಗೂಗಲ್ ವಿಜೆಟ್ ಒಂದನ್ನು ಇಡಿ. ನನಗೆ ಇನ್ನೂ ಇಷ್ಟವಾದ ಉಪಾಯ ಬೇರೆ: ಹಳೇ ಕಾಲದ ತಂತಿಯ ಇಯರ್‌ಫೋನ್, ಮಧ್ಯದಲ್ಲಿ ಒಂದು ಗುಂಡಿ ಇರುವಂಥದ್ದು. ಆ ಗುಂಡಿ ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಅಸಿಸ್ಟೆಂಟ್ ಏಳುತ್ತದೆ. ಪರದೆ ನೋಡಬೇಕಾಗಿಲ್ಲ. ಮೈಕು ಬಾಯಿಯ ಹತ್ತಿರವೇ ಇರುವುದರಿಂದ ಫ್ಯಾನಿನ ಸದ್ದು, ಕುಕ್ಕರಿನ ಸೀಟಿ ಕಡಿಮೆ ಬೀಳುತ್ತದೆ. ಎಸ್‌ಪಿ ರೋಡಿನಲ್ಲೋ ಮನೆ ಹತ್ತಿರದ ಮೊಬೈಲ್ ಅಂಗಡಿಯಲ್ಲೋ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೊಳ್ಳುವ ಮೊದಲು ಫೋನಿನ ತೂತಿಗೆ ಹೊಂದುತ್ತದಾ, ಗುಂಡಿ ಒತ್ತಿದರೆ ಏಳುತ್ತದಾ ಅಂತ ಅಲ್ಲೇ ನೋಡಿ. ಹೊಸ ಫೋನಿಗಿಂತ ಇದರಿಂದ ಆಗುವ ಉಪಕಾರ ದೊಡ್ಡದು.

ಒತ್ತಿದ ಮೇಲೆ ಟುಣ್ ಅನ್ನುವ ಸದ್ದು ಬರುವ ತನಕ ಅಮ್ಮ ಕಾಯಬೇಕು. ಅಗ್ಗದ ಫೋನಿನಲ್ಲಿ ಅದಕ್ಕೆ ಒಂದೆರಡು ಸೆಕೆಂಡ್ ಹೋಗುತ್ತದೆ. ಕಾಯದೇ ಮಾತಾಡಿದರೆ ‘ಪುಟ್ಟಿಗೆ’ ಹಾರಿಹೋಗಿ ‘ಫೋನ್ ಮಾಡು’ ಮಾತ್ರ ಮೂಡುತ್ತದೆ. ನಿಮ್ಮ ಹಾಳೆಯಲ್ಲಿ ಮಾತಿನ ಮೊದಲ ಪದವೇ ಕಾಣೆಯಾಗಿದ್ದರೆ ಕಾರಣ ಇದೇ. ನಡುವೆ ಉಸಿರೆಳೆದರೂ ಕಷ್ಟ. ‘ಪುಟ್ಟಿಗೆ... ಒಂಚೂರು... ಫೋನ್ ಹಾಕಪ್ಪ’ ಅಂದರೆ ಮೊದಲ ತುಂಡಿಗೇ ಮಾತು ಮುಗಿಯಿತು ಅಂದುಕೊಳ್ಳುತ್ತದೆ. ನಮ್ಮ ಚಿಕ್ಕಮ್ಮ ಯಂತ್ರಕ್ಕೂ ‘ಅಪ್ಪ’ ಸೇರಿಸದೇ ಮಾತಾಡುವುದಿಲ್ಲ. ಅಪ್ಪ ಅನ್ನುವುದಕ್ಕೆ ಅಡ್ಡಿ ಇಲ್ಲ, ಒಂದೇ ಉಸಿರಿನಲ್ಲಿ ಅನ್ನಬೇಕು ಅಷ್ಟೇ.

ಇನ್ನೊಂದು ಎಚ್ಚರ. ಅಮ್ಮ ‘ಬ್ಯಾಂಕಿಗೆ ಫೋನ್ ಮಾಡು’ ಅಂದರೆ, ಪಟ್ಟಿಯಲ್ಲಿ ಬ್ಯಾಂಕ್ ಇಲ್ಲದಿದ್ದರೆ ಅದು ಇಂಟರ್ನೆಟ್ಟಿನಲ್ಲಿ ಹುಡುಕಿ ನಂಬರು ತರಬಹುದು. ಕಸ್ಟಮರ್ ಕೇರ್ ಹೆಸರಿನಲ್ಲಿ ಕಳ್ಳರು ತಮ್ಮ ನಂಬರು ಹಾಕಿ ಕೂತಿರುವುದು ಗೊತ್ತಲ್ಲ. ಪಾಸ್‌ಬುಕ್ ಅಥವಾ ಕಾರ್ಡಿನ ಹಿಂದೆ ಇರುವ ನಂಬರನ್ನು ‘ಬ್ಯಾಂಕ್’ ಅಂತ ನೀವೇ ಹಾಕಿಡಿ. ಗ್ಯಾಸ್, ಆಸ್ಪತ್ರೆ, ಬೆಸ್ಕಾಂ, ಇವಕ್ಕೂ ಹೀಗೇ. ಬೆಸ್ಕಾಂ ಸಹಾಯವಾಣಿ 1912, ಅದನ್ನು ‘ಕರೆಂಟ್ ಆಫೀಸ್’ ಅಂತ ಹಾಕಿ.

ಮಾತ್ರೆಯ ವಿಚಾರದಲ್ಲಿ ಮಾತ್ರ ನಾನು ದನಿಯನ್ನು ನಂಬುವುದಿಲ್ಲ. ನಮ್ಮ ಮಾವನವರ ಬಿಪಿ ಮಾತ್ರೆಗೆ ಒಂದು ಸಲ ರಿಮೈಂಡರ್ ಇಟ್ಟುಕೊಟ್ಟೆ. ಯಾವ ಕಂಪನಿಯ ಫೋನು ಅನ್ನುವುದು ಬೇಡ. ಮೂರು ದಿನ ಬಂತು. ನಾಲ್ಕನೇ ದಿನದಿಂದ ಬರಲಿಲ್ಲ, ಅಥವಾ ಬೆಳಿಗ್ಗೆ ಪರದೆ ತೆರೆದಾಗ ರಾತ್ರಿಯದು ಬರುತ್ತಿತ್ತು. ಅವರು ಬ್ಯಾಟರಿ ಉಳಿಸುವ ಗುಂಡಿ ಒತ್ತಿಬಿಟ್ಟಿದ್ದರು. ಬಳಸದೇ ಇರುವ ಆಪುಗಳನ್ನು ಫೋನು ತಾನಾಗಿಯೇ ನಿಲ್ಲಿಸಿಬಿಟ್ಟಿತ್ತು. ಅದು ಬಾರದ ದಿನಗಳಲ್ಲಿ ಅವರು ಮಾತ್ರೆಯನ್ನೇ ತೆಗೆದುಕೊಂಡಿರಲಿಲ್ಲ, ಫೋನು ಹೇಳಲಿಲ್ಲವಲ್ಲ ಅಂತ ಸುಮ್ನೆ ಇದ್ದರು. ಮೊದಲು ಗೋಡೆಯ ಕ್ಯಾಲೆಂಡರ್ ನೋಡಿ ತೆಗೆದುಕೊಳ್ಳುತ್ತಿದ್ದವರು! ತಪ್ಪು ನನ್ನದೇ.

ರಿಮೈಂಡರ್ ಬೇರೆ, ಅಲಾರಂ ಬೇರೆ. ನೀವು ‘ನೆನಪಿಸು’ ಅಂದರೆ ಗೂಗಲಿನಲ್ಲಿ ಅದು ಟಾಸ್ಕ್ ಆಗಿ ಕೂರುತ್ತದೆ, ಹೊತ್ತಿಗೆ ಒಂದು ಸಲ ಟಿಂಗ್ ಅಂದು ನೋಟಿಫಿಕೇಶನ್ ಆಗಿ ನಿಲ್ಲುತ್ತದೆ. ಅಡುಗೆಮನೆಯಲ್ಲಿ ಇದ್ದವರಿಗೆ ಅದು ಕೇಳುವುದಿಲ್ಲ. ಅಲಾರಂ ಆದರೆ ಬಹಳ ಹೊತ್ತು ಹೊಡೆದುಕೊಳ್ಳುತ್ತದೆ, ಇಂಟರ್ನೆಟ್ ಬೇಡ, ಫೋನು ಸೈಲೆಂಟಿನಲ್ಲಿದ್ದರೂ ಸಾಮಾನ್ಯವಾಗಿ ಕೂಗುತ್ತದೆ. ದಿನಾ ಬರುವ ಮಾತ್ರೆಯ ಹೊತ್ತನ್ನು ಅಮ್ಮನ ಬಾಯಲ್ಲಿ ಹೇಳಿಸುವ ಅಗತ್ಯವೇ ಇಲ್ಲ. ನೀವೇ ಕೈಯಲ್ಲಿ ಕ್ಲಾಕ್ ಆಪಿನಲ್ಲಿ ಒಂದು ಸಲ ಇಡಿ, ವಾರದ ಏಳೂ ದಿನ ಒತ್ತಿ.

ಇಲ್ಲೊಂದು ಉಪಾಯ ಇದೆ. ಗೂಗಲ್ ಕ್ಲಾಕಿನಲ್ಲಿ ಅಲಾರಂ ಸದ್ದಿನ ಜಾಗದಲ್ಲಿ ನಿಮ್ಮದೇ ಆಡಿಯೋ ಫೈಲನ್ನು ಸೇರಿಸಬಹುದು. ರೆಕಾರ್ಡರ್ ತೆರೆದು ನಿಮ್ಮ ದನಿಯಲ್ಲೇ ಹೇಳಿ: ‘ಅಮ್ಮಾ, ಎಂಟು ಗಂಟೆ ಆಯ್ತು. ತಿಂಡಿಗೆ ಮುಂಚೆ ಬಿಳೀ ಡಬ್ಬಿಯ ಸಕ್ಕರೆ ಮಾತ್ರೆ ಒಂದು.’ ಹತ್ತು ಸೆಕೆಂಡ್ ಸಾಕು, ನಿಲ್ಲಿಸುವ ತನಕ ಅದೇ ತಿರುಗಿ ತಿರುಗಿ ಬರುತ್ತದೆ. ರಾತ್ರಿಯದಕ್ಕೆ ಬೇರೆ ರೆಕಾರ್ಡ್ ಮಾಡಿ. ಶುರುವಿನಲ್ಲಿ ಗಂಟೆ ಬಾರಿಸುವ ಸದ್ದೋ ಚಪ್ಪಾಳೆಯೋ ಇರಲಿ, ಇಲ್ಲದಿದ್ದರೆ ಮಗ ಮನೆಗೆ ಬಂದ ಅಂದುಕೊಂಡು ಬಾಗಿಲ ಕಡೆ ಹೋಗುತ್ತಾರೆ. ಸುಮ್ನೆ ಹೇಳುತ್ತಿಲ್ಲ, ಮಾವನವರು ಹೋಗಿದ್ದರು. ಕನ್ನಡ ಮಾತಾಡುವ ಸಹಾಯಕ ಬೇಕು ಅಂದಿರಲ್ಲ, ಇದಕ್ಕಿಂತ ಒಳ್ಳೇ ಕನ್ನಡ ಯಾವ ಸರ್ವರಿನಿಂದಲೂ ಬರುವುದಿಲ್ಲ.

ಅಪರೂಪಕ್ಕೆ ಬರುವ ಕೆಲಸಕ್ಕೆ ದನಿ ಇರಲಿ. ಒಲೆ ಮೇಲೆ ಹಾಲು ಇಟ್ಟಾಗ ‘ಹತ್ತು ನಿಮಿಷಕ್ಕೆ ಟೈಮರ್ ಇಡು’ ಅನ್ನುವುದು ಸಲೀಸು. ಗಂಟೆ ಹೇಳುವಾಗ ಬೆಳಿಗ್ಗೆಯೋ ರಾತ್ರಿಯೋ ಅಂತ ಸೇರಿಸಲೇಬೇಕು. ಎಂಟೂವರೆ, ಒಂಬತ್ತೂ ಕಾಲು, ಮುಕ್ಕಾಲು, ಇವು ತೊಡರುವ ಮಾತುಗಳು. ‘ರಾತ್ರಿ ಎಂಟು ಗಂಟೆ ಮೂವತ್ತು ನಿಮಿಷಕ್ಕೆ’ ಅಂದರೆ ಖಚಿತ. ‘ನಾಡಿದ್ದು’ ಬದಲು ವಾರದ ಹೆಸರು ಹೇಳಲಿ. ಇಟ್ಟ ಮೇಲೆ ಅದು ವಾಪಸ್ ಹೇಳುವ ಹೊತ್ತನ್ನು ಕೇಳಿಸಿಕೊಳ್ಳುವ ಅಭ್ಯಾಸ ಮಾಡಿಸಿ. ಅದು ತಪ್ಪು ಹೇಳಿದರೆ ತಿದ್ದುವುದಕ್ಕೆ ಅದೊಂದೇ ಅವಕಾಶ.

ಹಾಡಿನ ಬಗ್ಗೆ ಉದ್ದ ಹೇಳುವುದಿಲ್ಲ. ಅಮ್ಮನಿಗೆ ಹಾಡಿನ ಹೆಸರು ನೆನಪಿರುವುದಿಲ್ಲ, ನಡುವಿನ ಒಂದು ಸಾಲು ನೆನಪಿರುತ್ತದೆ. ಆ ಸಾಲು ಹೇಳಿದರೆ ಯೂಟ್ಯೂಬ್ ಕೆಲವೊಮ್ಮೆ ಸರಿಯಾಗಿ ಹುಡುಕಿಕೊಡುತ್ತದೆ, ಕೆಲವೊಮ್ಮೆ ಯಾವುದೋ ಡಿಜೆ ರೀಮಿಕ್ಸ್ ಹಾಕುತ್ತದೆ. ದೊಡ್ಡ ಬುಟ್ಟಿಯ ಮಾತು ಹೆಚ್ಚು ಗೆಲ್ಲುತ್ತದೆ: ‘ಯೂಟ್ಯೂಬಲ್ಲಿ ದಾಸರ ಪದ ಹಾಕು’, ‘ಹಳೇ ಕನ್ನಡ ಚಿತ್ರಗೀತೆ ಹಾಕು’. ಆಪಿನ ಹೆಸರು ಮಾತಿನಲ್ಲೇ ಇರಲಿ, ಇಲ್ಲದಿದ್ದರೆ ಹಾಡಿನ ಬದಲು ಹುಡುಕಾಟದ ಪುಟ ತೆರೆದು ಕೂರಬಹುದು. ದುಡ್ಡು ಕಟ್ಟದ ಯೂಟ್ಯೂಬಿನಲ್ಲಿ ಪರದೆ ಆರಿದರೆ ಹಾಡೂ ನಿಲ್ಲುತ್ತದೆ. ಅಮ್ಮ ಫೋನು ಮಗುಚಿಟ್ಟು ‘ಇದು ಅರ್ಧಕ್ಕೇ ನಿಲ್ಲುತ್ತೆ’ ಅಂದರೆ ಕಾರಣ ಅದೇ. ಸ್ಪಾಟಿಫೈನಂಥ ಆಪುಗಳು ದುಡ್ಡಿಲ್ಲದೇ ಪರದೆ ಆರಿದ ಮೇಲೂ ಹಾಡುತ್ತವೆ, ನಡುವೆ ಜಾಹೀರಾತು ಸಹಿಸಬೇಕು. ಅಸಿಸ್ಟೆಂಟಿನ ಸಂಗೀತದ ಸೆಟ್ಟಿಂಗಿನಲ್ಲಿ ಅದನ್ನೇ ಮೊದಲ ಆಯ್ಕೆ ಮಾಡಿಟ್ಟರೆ ಹೆಸರು ಹೇಳುವ ಕಷ್ಟವೂ ಕಡಿಮೆ. ಇಷ್ಟರಲ್ಲೂ ಅಮ್ಮನಿಗೆ ಬೇಜಾರಾದರೆ ಒಂದು ಮಾತು: ಆ ತಂತಿಯ ಇಯರ್‌ಫೋನ್ ಚುಚ್ಚಿದ್ದರೆ, ಫೋನಿನಲ್ಲಿ ಎಫ್‌ಎಂ ರೇಡಿಯೋ ಇದ್ದರೆ, ತಂತಿಯೇ ಆಂಟೆನಾ ಆಗುತ್ತದೆ. ಬೆಂಗಳೂರಿನಲ್ಲಿ ವಿವಿಧ ಭಾರತಿ 102.9ರಲ್ಲಿದೆ, ಡೇಟಾ ಒಂದು ಪೈಸೆಯದೂ ಬೇಡ.

ಬರುವ ಕರೆಗೂ ಒಂದು ಅನುಕೂಲ ಇದೆ. ಗೂಗಲ್ಲಿನ ಫೋನ್ ಆಪ್ ಇರುವ ಫೋನಾದರೆ ಅದರ ಸೆಟ್ಟಿಂಗಿನಲ್ಲಿ Caller ID announcement ಅನ್ನುವುದನ್ನು ಯಾವಾಗಲೂ ಅಂತ ಇಡಿ. ಕರೆ ಬಂದಾಗ ಹೆಸರನ್ನು ಓದಿ ಹೇಳುತ್ತದೆ. ಫೋನಿನ ಭಾಷೆ ಕನ್ನಡ ಆಗಿ, ಹೆಸರು ಕನ್ನಡ ಅಕ್ಷರದಲ್ಲಿದ್ದರೆ ‘ಪುಟ್ಟಿ’ ಅನ್ನುವುದು ಪುಟ್ಟಿಯಾಗಿಯೇ ಕೇಳುತ್ತದೆ. ಹೆಸರು ಹೇಳದ ಕರೆಯನ್ನು ಎತ್ತಬೇಡ ಅಂತ ಅಮ್ಮನಿಗೆ ಒಂದು ನಿಯಮ ಮಾಡಿಕೊಟ್ಟರೆ ಅರ್ಧ ಮೋಸದ ಕರೆ ಅಲ್ಲೇ ತಪ್ಪುತ್ತದೆ.

ಕಡೆಯದಾಗಿ, ಇಂಟರ್ನೆಟ್ ಇಲ್ಲದ ಹೊತ್ತು. ರೀಚಾರ್ಜ್ ಮುಗಿದಾಗ, ಡೇಟಾ ಆಫ್ ಆದಾಗ ಕನ್ನಡದ ದನಿ ಕೆಲಸ ಮಾಡುತ್ತದೆ ಅಂತ ನಂಬಿಕೊಳ್ಳಬೇಡಿ. ಎದೆ ನೋವು ಬಂದವರು ಟುಣ್ ಸದ್ದಿಗೆ ಕಾಯುವ ಹಾಗೂ ಆಗಬಾರದು. ಹೋಮ್ ಪರದೆಯ ಖಾಲಿ ಜಾಗ ಒತ್ತಿ ಹಿಡಿದು, ವಿಜೆಟ್ಟುಗಳಲ್ಲಿ ನೇರವಾಗಿ ಡಯಲ್ ಮಾಡುವ ವಿಜೆಟ್ ಹುಡುಕಿ. ನಿಮ್ಮದು, ಪಕ್ಕದ ಮನೆಯವರದು, ತುರ್ತಿನ 112, ಮೂರನ್ನೂ ಇಡಿ. ಮೊದಲೆರಡನ್ನು ಮುಟ್ಟಿದರೆ ನೇರ ಕರೆ ಹೋಗುತ್ತದೆ, 112ಕ್ಕೆ ಆಮೇಲೆ ಕರೆಯ ಗುಂಡಿಯನ್ನೂ ಒತ್ತಬೇಕಾಗಬಹುದು. ನಿಮಗೂ ಪಕ್ಕದ ಮನೆಯವರಿಗೂ ಮುಖದ ಫೋಟೊ ಹಾಕಿ. 112ಕ್ಕೆ ಫೋಟೊ ಬೇಡ, ಒಂದು ಕೆಂಪು ಚಿತ್ರ ಸಾಕು. ನಮ್ಮ ಚಿಕ್ಕಮ್ಮ ಅದಕ್ಕೆ ಕುಂಕುಮದ ಬಟ್ಟಲಿನ ಚಿತ್ರ ಹಾಕಿಸಿಕೊಂಡಿದ್ದಾರೆ, ಕತ್ತಲಲ್ಲೂ ಕೈ ಅಲ್ಲಿಗೇ ಹೋಗುತ್ತದೆ ಅನ್ನುತ್ತಾರೆ.